ಚಕ್ರಬಡ್ಡಿಯ ಲೆಕ್ಕಕ್ಕೆ ಸಿಗದ ಮಲೆನಾಡು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಯಾವ ಊರಿಗೆ ಕುಡಿಯುವ ನೀರಿನ ಯೋಜನೆ ಬರೆಯಲು ಕೂತರೂ ಮೊದಲ ಪುಟದಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ಇನ್ನು ಮೂವತ್ತು ವರ್ಷಕ್ಕೆ ಈ ಊರಲ್ಲಿ ಎಷ್ಟು ಜನ ಇರುತ್ತಾರೆ? ಟ್ಯಾಂಕಿನ ಅಳತೆ, ಪಂಪಿನ ಶಕ್ತಿ, ಪೈಪಿನ ದಪ್ಪ ಎಲ್ಲವೂ ಈ ಒಂದು ಅಂಕಿಯ ಮೇಲೆ ನಿಂತಿವೆ. ಆದರೆ ಕೈಯಲ್ಲಿರುವ ಕೊನೆಯ ಗಟ್ಟಿ ಲೆಕ್ಕ 2011ರ ಜನಗಣತಿಯದು. 2021ರಲ್ಲಿ ನಡೆಯಬೇಕಿದ್ದ ಗಣತಿ ನಡೆಯಲಿಲ್ಲ. ಹಾಗಾಗಿ ಹಳೆಯ ಅಂಕಿಗಳನ್ನು ಎಕ್ಸೆಲ್ ಶೀಟಿಗೆ ತುಂಬಿ ಮುಂದಿನದನ್ನು ಊಹಿಸದೆ ಬೇರೆ ದಾರಿಯಿಲ್ಲ.

ಜನಸಂಖ್ಯೆ ಎಂದೊಡನೆ ಹೆಚ್ಚಿನವರ ಕೈ ಎರಡು ಫಂಕ್ಷನ್‌ಗಳ ಕಡೆಗೆ ಹೋಗುತ್ತದೆ: LOGEST ಮತ್ತು GROWTH. ಎರಡೂ ಒಂದೇ ಕಾರ್ಖಾನೆಯ ಮಾಲು. LOGEST ಬೆಳವಣಿಗೆಯ ದರವನ್ನು ಹೇಳುತ್ತದೆ, GROWTH ಅದೇ ದರದಲ್ಲಿ ಮುಂದಿನ ವರ್ಷಗಳ ಅಂಕಿಯನ್ನು ನೇರವಾಗಿ ಕೊಡುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಇವೇ ಹೆಸರುಗಳು.

ಇವುಗಳ ಹಿಂದಿನ ನಂಬಿಕೆಯನ್ನು ಸೊಸೈಟಿಯಲ್ಲಿ ಸಾಲ ತೆಗೆದ ಯಾರಿಗೂ ವಿವರಿಸಬೇಕಿಲ್ಲ. ಪ್ರತಿ ವರ್ಷ ಇಷ್ಟೇ ರೂಪಾಯಿ ಸೇರಿದರೆ ಅದು ಸರಳಬಡ್ಡಿ. ಗ್ರಾಫ್ ಹಾಳೆಯಲ್ಲಿ ನೇರ ಗೆರೆ. ಪ್ರತಿ ವರ್ಷ ಇದ್ದುದರ ಇಷ್ಟು ಶೇಕಡಾ ಸೇರಿದರೆ ಅದು ಚಕ್ರಬಡ್ಡಿ. ಗೆರೆ ಮೇಲಕ್ಕೆ ಬಾಗುತ್ತಾ ಹೋಗುತ್ತದೆ. LOGEST ಹುಡುಕುವುದು ಈ ಎರಡನೆಯ ಬಡ್ಡಿಯ ದರವನ್ನು. ಅದು ಪ್ರತಿ ಅಂಕಿಯ ಲಾಗರಿದಮ್ ತೆಗೆದುಕೊಂಡು, ಆ ಲಾಗರಿದಮ್‌ಗಳ ನಡುವೆ ಸರಿಹೊಂದುವ ಒಂದು ನೇರ ಗೆರೆ ಎಳೆದು, ಮತ್ತೆ ಹಿಂದಕ್ಕೆ ಬಿಚ್ಚುತ್ತದೆ. ಕೊನೆಯಲ್ಲಿ ಎರಡು ಅಂಕಿ ಕೈಗೆ ಬರುತ್ತವೆ. ಒಂದು m, ಅಂದರೆ ಪ್ರತಿ ವರ್ಷ ಎಷ್ಟರಿಂದ ಗುಣಿಸಬೇಕು ಎಂಬುದು. ಇನ್ನೊಂದು b, ಅಂದರೆ ಲೆಕ್ಕ ಶುರುವಾಗುವ ಸೊನ್ನೆಯ ವರ್ಷದಲ್ಲಿ ಎಷ್ಟಿತ್ತು ಎಂಬುದು.

ಈ ಯಂತ್ರವನ್ನು ಪರೀಕ್ಷಿಸಲು ಚಿಕ್ಕಮಗಳೂರು ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಮೂರು ತಾಲ್ಲೂಕುಗಳೂ ಇದೇ ಜಿಲ್ಲೆಯ ಪಶ್ಚಿಮದ ಮಳೆಪ್ರದೇಶದಲ್ಲಿವೆ. ಒಂದು ಕಡೆ ಶೃಂಗೇರಿ, ಹರಿಹರಪುರಗಳನ್ನು ಹಾಯುವ ತುಂಗೆ. ಇನ್ನೊಂದು ಕಡೆ ಬಾಳೆಹೊನ್ನೂರನ್ನು ಬಳಸಿ ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಿಗೆ ಸೇರುವ ಭದ್ರೆ. ಜಿಲ್ಲೆಯ ಜನಗಣತಿ ಅಂಕಿಗಳು ಹೀಗಿವೆ. 1961ರಲ್ಲಿ 5,97,305 ಜನ. 1971ರಲ್ಲಿ 7,36,647. 1981ರಲ್ಲಿ 9,11,769. 1991ರಲ್ಲಿ 10,17,283. 2001ರಲ್ಲಿ 11,40,905.

ಇಲ್ಲಿಗೆ ನಿಲ್ಲಿಸೋಣ. 2011ರ ಅಂಕಿ ಗೊತ್ತಿದ್ದರೂ ಸದ್ಯಕ್ಕೆ ಅದನ್ನು ಮುಚ್ಚಿಡಬೇಕು. 2001ರ ಗಣತಿ ಮುಗಿದ ಮರುವರ್ಷ ಒಬ್ಬ ಇಂಜಿನಿಯರ್ ಈ ಐದು ಅಂಕಿ ಹಿಡಿದು ಕೂತಿದ್ದಾರೆ, 2011ಕ್ಕೆ ಎಷ್ಟಾಗಬಹುದೆಂದು ಕೇಳುತ್ತಿದ್ದಾರೆ ಎಂದಿಟ್ಟುಕೊಳ್ಳಿ.

ಶೀಟಿನಲ್ಲಿ A ಕಾಲಮ್ಮಿಗೆ ವರ್ಷ, C ಕಾಲಮ್ಮಿಗೆ ಜನಸಂಖ್ಯೆ. ನಡುವಿನ B ಕಾಲಮ್ಮಿಗೆ 1961ರಿಂದ ಕಳೆದ ವರ್ಷಗಳು: 0, 10, 20, 30, 40. ಏಳನೆಯ ಸಾಲಿನಲ್ಲಿ 2011ಕ್ಕೆ 50. ಆಮೇಲೆ ಎರಡು ಫಾರ್ಮುಲಾ:

```
=LOGEST(C2:C6,B2:B6)
=GROWTH(C2:C6,B2:B6,B7)
```

ಹೊಸ ಎಕ್ಸೆಲ್‌ನಲ್ಲಿ ಮೊದಲನೆಯದು ಪಕ್ಕಪಕ್ಕದ ಎರಡು ಸೆಲ್‌ಗಳಿಗೆ ತಾನೇ ಹರಡಿಕೊಳ್ಳುತ್ತದೆ. ಹಳೆಯ ಆವೃತ್ತಿಯಲ್ಲಾದರೆ ಎರಡೂ ಸೆಲ್ ಆಯ್ದುಕೊಂಡು Ctrl+Shift+Enter ಒತ್ತಬೇಕು. ಬರೀ Enter ಒತ್ತಿದವರಿಗೆ m ಮಾತ್ರ ಕಾಣುತ್ತದೆ. ಉತ್ತರ: m ಎಂದರೆ 1.0163, b ಎಂದರೆ ಸುಮಾರು 6.21 ಲಕ್ಷ. ಮಾತಿನಲ್ಲಿ ಹೇಳುವುದಾದರೆ ಜಿಲ್ಲೆ ವರ್ಷಕ್ಕೆ ಶೇ. 1.63ರ ಚಕ್ರಬಡ್ಡಿಯಲ್ಲಿ ಬೆಳೆಯುತ್ತಿದೆ, ಸುಮಾರು 43 ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ. GROWTH ಕೊಡುವ 2011ರ ಅಂದಾಜು 13.94 ಲಕ್ಷ.

ಹೆಚ್ಚಿನವರು ಮೊದಲು ಎಡವುವುದು B ಕಾಲಮ್ಮಿನಲ್ಲಿ. ‘ವರ್ಷ ಹೇಗೂ A ಕಾಲಮ್ಮಿನಲ್ಲಿದೆ, ಮತ್ತೆ ಕಳೆದು ಬರೆಯುವುದು ಯಾಕೆ’ ಎಂದು 1961, 1971 ಎಂಬುದನ್ನೇ ನೇರವಾಗಿ ಕೊಟ್ಟುಬಿಡುತ್ತಾರೆ. ದರ ಬದಲಾಗುವುದಿಲ್ಲ, GROWTHನ ಉತ್ತರವೂ ಬದಲಾಗುವುದಿಲ್ಲ. ಆದರೆ b ಎಂಬುದು ಸೊನ್ನೆಯ ವರ್ಷದ ಅಂಕಿ. ಈಗ ಆ ಸೊನ್ನೆ ಕ್ರಿಸ್ತಶಕದ ಆರಂಭಕ್ಕೆ ಹೋಗಿ ಕೂತಿದೆ. ಎಕ್ಸೆಲ್ ಅಷ್ಟು ಹಿಂದಕ್ಕೆ ಎಳೆದುಕೊಂಡು ಹೋಗಿ 1.05E-08 ಎಂದು ಬರೆಯುತ್ತದೆ, ಅಂದರೆ ಒಬ್ಬ ಮನುಷ್ಯನ ಹತ್ತು ಕೋಟಿಯಲ್ಲೊಂದು ಪಾಲು. ಸೆಲ್‌ಗೆ ಎರಡು ದಶಮಾಂಶದ ಫಾರ್ಮ್ಯಾಟ್ ಇದ್ದರೆ ಕಾಣುವುದು 0.00. ಫಾರ್ಮುಲಾ ಕೆಟ್ಟಿದೆ ಎಂದುಕೊಂಡು ಹಲವರು ಅಲ್ಲಿಗೇ ಬಿಟ್ಟು ಏಳುತ್ತಾರೆ.

ಬಿಡದೆ ಮುಂದುವರಿದವರಿಗೆ ಇನ್ನೂ ಕೆಟ್ಟದ್ದು ಕಾದಿರುತ್ತದೆ. ವರದಿಯಲ್ಲಿ ಬರೆಯಲು ಚೆಂದ ಎಂದು m ಅನ್ನು 1.016ಕ್ಕೆ ಇಳಿಸಿ, ಅದನ್ನು 2011ನೆಯ ಘಾತಕ್ಕೆ ಏರಿಸಿ b ಯಿಂದ ಗುಣಿಸಿದರೆ ಬರುವ ಉತ್ತರ 7.7 ಲಕ್ಷದ ಆಸುಪಾಸು. 13.94 ಎಲ್ಲಿ, 7.7 ಎಲ್ಲಿ! ನಾಲ್ಕನೆಯ ದಶಮಾಂಶದಲ್ಲಿ ಬಿಟ್ಟ ಆ 3 ಎರಡು ಸಾವಿರ ಸಲ ಗುಣಿಸಿಕೊಂಡು ಅರ್ಧ ಜಿಲ್ಲೆಯನ್ನೇ ನುಂಗಿದೆ. B ಕಾಲಮ್ಮಿನ 50 ಇಟ್ಟುಕೊಂಡು ಇದೇ ದುಂಡಗಾಗಿಸುವ ತಪ್ಪು ಮಾಡಿದರೆ ನಷ್ಟ ಶೇ. 1.5ರಷ್ಟು ಮಾತ್ರ. ಸೊನ್ನೆಯ ವರ್ಷವನ್ನು ಹತ್ತಿರದಲ್ಲಿ ಇಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇನ್ನು ಮುಚ್ಚಿಟ್ಟ ಅಂಕಿ. 2011ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,37,961. ಹತ್ತು ವರ್ಷದಲ್ಲಿ ಬೆಳೆಯುವುದಿರಲಿ, ಮೂರು ಸಾವಿರದಷ್ಟು ಜನ ಕಡಿಮೆಯಾಗಿದ್ದರು. ಆ ಗಣತಿಯಲ್ಲಿ ಕರ್ನಾಟಕದ 30 ಜಿಲ್ಲೆಗಳ ಪೈಕಿ ಹಿಂದಕ್ಕೆ ಹೋದದ್ದು ಇದೊಂದೇ. GROWTH ಹೇಳಿದ್ದಕ್ಕೂ ಗಣತಿದಾರರು ಮನೆಮನೆಗೆ ಹೋಗಿ ಎಣಿಸಿದ್ದಕ್ಕೂ ನಡುವೆ 2.56 ಲಕ್ಷ ಜನರ ಅಂತರ, ಅಂದಾಜು ಶೇ. 22ಕ್ಕೂ ಹೆಚ್ಚು ಮೇಲಕ್ಕೆ ಹಾರಿತ್ತು. ಇದೇ ಐದು ಗಣತಿಗಳಿಂದ ಇಡೀ ರಾಜ್ಯಕ್ಕೆ ಇದೇ ಫಾರ್ಮುಲಾ ಹಾಕಿದರೆ 6.65 ಕೋಟಿ ಬರುತ್ತದೆ, ನಿಜವಾದದ್ದು 6.11 ಕೋಟಿ. ಅಲ್ಲೂ ಅಂದಾಜು ಹೆಚ್ಚೇ, ಆದರೆ ಶೇ. 9ರ ಮಟ್ಟಿಗೆ.

ಇಂಜಿನಿಯರ್ ಮುಂಚಿತವಾಗಿ ಎಚ್ಚೆತ್ತುಕೊಳ್ಳಬಹುದಿತ್ತೇ? LOGESTಗೆ ಇನ್ನೆರಡು TRUE ಸೇರಿಸಿದರೆ ಅದು ಹತ್ತು ಅಂಕಿಗಳ ಒಂದು ಪಟ್ಟಿ ಕೊಡುತ್ತದೆ. ಅದರ ಮೂರನೆಯ ಸಾಲಿನ ಮೊದಲ ಅಂಕಿ, ಎಲ್ಲರೂ ವರದಿಯಲ್ಲಿ ಹೆಮ್ಮೆಯಿಂದ ಬರೆಯುವ ಆರ್-ಸ್ಕ್ವೇರ್.

```
=INDEX(LOGEST(C2:C6,B2:B6,TRUE,TRUE),3,1)
```

ಈ ಐದು ಗಣತಿಗಳಿಗೆ ಅದು 0.975. ಒಂದಕ್ಕೆ ಇಷ್ಟು ಹತ್ತಿರ ಇದ್ದರೆ ನೂರಕ್ಕೆ ತೊಂಬತ್ತೇಳೂವರೆ ಅಂಕ ತೆಗೆದ ಹುಡುಗನ ಹಾಗೆ. ಯಾರೂ ಪ್ರಶ್ನೆ ಕೇಳುವುದಿಲ್ಲ. ಆದರೆ ಈ ಅಂಕ ಹೇಳುವುದು ಗೆರೆ ಹಳೆಯ ಚುಕ್ಕಿಗಳ ಪಕ್ಕದಲ್ಲೇ ಹಾಯ್ದಿದೆ ಎಂದಷ್ಟೆ. ಸತತವಾಗಿ ಏರಿದ ಯಾವ ಐದು ಅಂಕಿ ಕೊಟ್ಟರೂ ಅದು ಸಾಮಾನ್ಯವಾಗಿ 0.9ರ ಮೇಲೇ ಬರುತ್ತದೆ. ಮುಂದಿನ ಚುಕ್ಕಿಯ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಗುಟ್ಟು ಇರುವುದು ಉಳಿಕೆಗಳಲ್ಲಿ. ಗೆರೆ ಹೇಳಿದ್ದಕ್ಕಿಂತ ನಿಜವಾದ ಅಂಕಿ ಶೇಕಡಾ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂದು D ಕಾಲಮ್ಮಿನಲ್ಲಿ ಬರೆದುಕೊಂಡು ಕೆಳಗೆ ಎಳೆದರೆ ಸಾಕು:

```
=C2/GROWTH($C$2:$C$6,$B$2:$B$6,B2)-1
```

1961ಕ್ಕೆ ಉತ್ತರ ಮೈನಸ್ ಶೇ. 3.8. ಮುಂದಿನ ಮೂರು ಗಣತಿಗಳಿಗೆ ಪ್ಲಸ್ 0.9, ಪ್ಲಸ್ 6.2, ಪ್ಲಸ್ 0.8. 2001ಕ್ಕೆ ಮತ್ತೆ ಮೈನಸ್ 3.8. ಅಂಕಿಗಳನ್ನು ಬಿಡಿ, ಚಿಹ್ನೆಗಳನ್ನಷ್ಟೇ ಓದಿ: ಕೆಳಗೆ, ಮೇಲೆ, ಮೇಲೆ, ಮೇಲೆ, ಕೆಳಗೆ. ಕಮಾನಿನ ಆಕಾರ. ಚಕ್ರಬಡ್ಡಿಯ ಗೆರೆ ನಿಜವಾಗಿ ಹೊಂದುತ್ತಿದ್ದರೆ ಮೇಲೆ ಕೆಳಗೆ ಎಂಬುದು ಯಾವ ಕ್ರಮವೂ ಇಲ್ಲದೆ ಚೆಲ್ಲಾಡಿರಬೇಕಿತ್ತು. ಕಮಾನು ಕಂಡರೆ ಬಡ್ಡಿಯ ದರವೇ ಇಳಿಯುತ್ತಿದೆ ಎಂದು ಅರ್ಥ, ಗೆರೆ ಮಾತ್ರ ಹಳೆಯ ಹುರುಪನ್ನು ಇನ್ನೂ ಹೊತ್ತುಕೊಂಡು ಓಡುತ್ತಿದೆ. ಕಮಾನಿನ ಕೊನೆಯ ಕಾಲು ಕೆಳಗಿರುವುದು ಇನ್ನೂ ದೊಡ್ಡ ಎಚ್ಚರಿಕೆ. ಗೆರೆ 2001ರಲ್ಲೇ 11.86 ಲಕ್ಷಕ್ಕೆ ತಲುಪಿಬಿಟ್ಟಿದೆ, ಜನ ಇದ್ದದ್ದು 11.41 ಲಕ್ಷ. ಮುಂದಿನ ದಶಕದ ಓಟ ಶುರುವಾಗುವ ಮೊದಲೇ GROWTH 45 ಸಾವಿರ ಜನರನ್ನು ಸಾಲವಾಗಿ ಪಡೆದಿತ್ತು.

ಫಾರ್ಮುಲಾ ಬೇಡದ ಪರೀಕ್ಷೆಯೂ ಒಂದಿದೆ. ಪ್ರತಿ ಗಣತಿಯನ್ನು ಅದರ ಹಿಂದಿನದರಿಂದ ಭಾಗಿಸುವುದು. 1961–71ರಲ್ಲಿ ಏರಿಕೆ ಶೇ. 23.3, ಮುಂದಿನ ದಶಕದಲ್ಲಿ 23.8, ಆಮೇಲೆ 11.6, ಆಮೇಲೆ 12.2. ಮೊದಲ ಎರಡು ದಶಕ ಒಂದು ಕಥೆ, ಕೊನೆಯ ಎರಡು ಇನ್ನೊಂದು. LOGEST ಈ ಎರಡು ಕಥೆಯ ಸರಾಸರಿ ತೆಗೆದು ದಶಕಕ್ಕೆ ಶೇ. 17.6 ಎಂದಿತು. ಆ ದರದಲ್ಲಿ ಜಿಲ್ಲೆ ಯಾವ ದಶಕದಲ್ಲೂ ಬೆಳೆದಿರಲಿಲ್ಲ.

ಎರಡು ಕಥೆಗಳಿಗೂ ನೆಲದ ಮೇಲೆ ಕಾರಣಗಳಿವೆ. ಮಲೇರಿಯಾದ ಚಳಿಜ್ವರಕ್ಕೆ ಹೆಸರಾಗಿದ್ದ ನಾಡು ಇದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಡಿಡಿಟಿ ಸಿಂಪಡಣೆ ಹರಡಿದ ಮೇಲೆ ಬದುಕುಳಿಯುವವರು ಹೆಚ್ಚಿದರು. ಕಾಫಿ ತೋಟಗಳಿಗೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಕೆಲಸದವರು ಬಂದು ನೆಲೆಸಿದರು. ಆ ಬೆಳವಣಿಗೆ ಚಕ್ರಬಡ್ಡಿಯಂತೆಯೇ ಇತ್ತು. ಆಮೇಲೆ ಮನೆಗೆ ಎರಡು ಮಕ್ಕಳು, ಒಂದು ಮಗು ಎಂಬ ಲೆಕ್ಕ ಬಂತು. ಓದಿದ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. 2001ರಿಂದ 2011ರ ನಡುವೆ ಚಿಕ್ಕಮಗಳೂರು ಇದ್ದಲ್ಲೇ ಇದ್ದಾಗ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಚಿಕ್ಕಮಗಳೂರಿನಲ್ಲಿ 2001ರಲ್ಲಿ ಸಾವಿರ ಗಂಡಸರಿಗೆ 984 ಹೆಂಗಸರಿದ್ದರೆ 2011ರಲ್ಲಿ 1008. ದುಡಿಯುವ ಗಂಡಸರು ಊರು ಬಿಟ್ಟ ಕಡೆ ಈ ಅಂಕಿ ಹೀಗೆಯೇ ಏರುತ್ತದೆ.

LOGESTಗೆ ಇದ್ಯಾವುದೂ ಕಾಣುವುದಿಲ್ಲ. ಅದು ನೋಡುವುದು ಐದು ಸೆಲ್‌ಗಳನ್ನು.

ಹಾಗಾದರೆ 2011ರ ಅಂಕಿಯನ್ನೂ ಸೇರಿಸಿ ಆರು ಗಣತಿ ಕೊಟ್ಟರೆ ಯಂತ್ರ ಬುದ್ಧಿ ಕಲಿಯುತ್ತದಲ್ಲ ಎನ್ನಬಹುದು. ಕೊಟ್ಟು ನೋಡಿದರೆ ದರ ಸ್ವಲ್ಪ ಇಳಿಯುತ್ತದೆ, ದಶಕಕ್ಕೆ ಶೇ. 14.2. ಆದರೆ GROWTH 2021ಕ್ಕೆ ಕೊಡುವ ಅಂದಾಜು 14.31 ಲಕ್ಷ. ಒಂದು ದಶಕ ಇಡೀ ಅಲ್ಲಾಡದೆ ಕೂತ ಜಿಲ್ಲೆ ಮರುದಶಕದಲ್ಲಿ ಶೇ. 26ರಷ್ಟು ಜಿಗಿಯಬೇಕು! ಕಾರಣ ಸರಳ. GROWTH ಕೊನೆಯ ಗಣತಿಯ ಚುಕ್ಕಿಯಿಂದ ಹೊರಡುವುದಿಲ್ಲ, ತಾನು ಎಳೆದ ಗೆರೆಯ ತುದಿಯಿಂದ ಹೊರಡುತ್ತದೆ. ಆರು ಗಣತಿಯ ಗೆರೆಯ ಪ್ರಕಾರ 2011ರಲ್ಲೇ ಇಲ್ಲಿ 12.53 ಲಕ್ಷ ಜನ ಇದ್ದಾರೆ. 1961ರ ಗಣತಿಗೂ 2011ರ ಗಣತಿಗೂ ಅದರ ಕಣ್ಣಲ್ಲಿ ಒಂದೇ ತೂಕ.

ಈ ದೋಷ ಎಷ್ಟು ನೀರಾಗುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ಕೊನೆಯ ಗಣತಿಯಿಂದ ಹೊರಟು, ಕೊನೆಯ ದಶಕದ ದರವನ್ನೇ ಮುಂದುವರಿಸಿದರೆ 2021ಕ್ಕೆ ಸಿಗುವುದು 11.35 ಲಕ್ಷ. GROWTH ಹೇಳಿದ್ದಕ್ಕೂ ಇದಕ್ಕೂ 2.96 ಲಕ್ಷ ಜನರ ವ್ಯತ್ಯಾಸ. ಜಲ ಜೀವನ್ ಮಿಷನ್ನಿನ ಅಳತೆಯಂತೆ ತಲೆಗೆ ದಿನಕ್ಕೆ 55 ಲೀಟರ್ ಎಂದರೆ ದಿನವೊಂದಕ್ಕೆ 1.63 ಕೋಟಿ ಲೀಟರ್. ಕುಡಿಯಲು ಯಾರೂ ಇಲ್ಲದ ನೀರಿಗೆ ಟ್ಯಾಂಕು, ಪಂಪು, ಕರೆಂಟು ಬಿಲ್ಲು.

ಇಲ್ಲಿ ಇನ್ನೊಂದು ಮಾತು ಶೃಂಗೇರಿಗಾಗಿ. ಗಣತಿ ಎಣಿಸುವುದು ವಾಸವಿರುವವರನ್ನು. ಶಾರದೆಯ ದರ್ಶನಕ್ಕೆ ಬಂದು ಒಂದು ದಿನ ತಂಗಿ ಹೋಗುವವರು ಆ ಅಂಕಿಯಲ್ಲಿಲ್ಲ, ಅವರಿಗೂ ನೀರು ಬೇಕು. ಅದಕ್ಕಾಗಿ ಜನಸಂಖ್ಯೆಯ ಗೆರೆಯನ್ನು ಉಬ್ಬಿಸುವುದು ತಪ್ಪು ದಾರಿ. ಬಂದುಹೋಗುವವರ ಲೆಕ್ಕಕ್ಕೆ ಬೇರೆಯೇ ಕಾಲಮ್ ಬೇಕು.

ಚಕ್ರಬಡ್ಡಿಯ ಬದಲು ಕ್ರಮೇಣ ಚಪ್ಪಟೆಯಾಗುವ ಗೆರೆ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 1920ರಲ್ಲಿ ಅಮೆರಿಕದ ರೇಮಂಡ್ ಪರ್ಲ್ ಮತ್ತು ಲೋವೆಲ್ ರೀಡ್ ತಮ್ಮ ದೇಶದ ಗಣತಿಗಳಿಗೆ ಅಂಥ ಗೆರೆಯೊಂದನ್ನು ಹೊಂದಿಸಿ, ಜನಸಂಖ್ಯೆ 19.7 ಕೋಟಿಯ ಹತ್ತಿರ ನಿಲ್ಲುತ್ತದೆ ಎಂದರು. 1967ರಲ್ಲಿ ಅದು 20 ಕೋಟಿ ದಾಟಿತು, ಇಂದಿಗೂ ನಿಂತಿಲ್ಲ. ನೀರು ಸರಬರಾಜಿನ ಕೇಂದ್ರ ಸರ್ಕಾರದ ಕೈಪಿಡಿ ಒಂದೇ ಗೆರೆಗೆ ಕಟ್ಟುಬೀಳದೆ ಹಲವು ವಿಧಾನಗಳನ್ನು ಮುಂದಿಡುವುದು ಇದಕ್ಕೇ. ಪ್ರತಿ ದಶಕ ಇಷ್ಟೇ ಜನ ಸೇರುತ್ತಾರೆ ಎಂಬುದು ಒಂದು, ಇಷ್ಟೇ ಶೇಕಡಾ ಎಂಬುದು ಇನ್ನೊಂದು, ಸೇರುವ ಸಂಖ್ಯೆಯೇ ಏರಿಳಿಯುತ್ತದೆ ಎಂಬುದು ಮತ್ತೊಂದು. ನಮ್ಮ ಐದು ಗಣತಿಗಳಿಗೆ ಚಕ್ರಬಡ್ಡಿಯ ಬದಲು ಸರಳಬಡ್ಡಿಯ TREND ಹಾಕಿದರೂ 2011ಕ್ಕೆ 12.91 ಲಕ್ಷ ಬರುತ್ತದೆ. ತಪ್ಪು ಕಡಿಮೆಯಾಯಿತು, ಹೋಗಲಿಲ್ಲ.

LOGEST ಎಲ್ಲಿ ಒಪ್ಪುತ್ತದೆ? ಬೆಳವಣಿಗೆ ಇನ್ನೂ ಎಳೆಯದಾಗಿದ್ದು ಪ್ರತಿ ಅವಧಿಯ ಶೇಕಡಾ ಏರಿಕೆ ಹೆಚ್ಚುಕಡಿಮೆ ಒಂದೇ ಇರುವ ಕಡೆ. ಹೊಸ ಆ್ಯಪ್ ಒಂದರ ಮೊದಲ ಕೆಲವು ತಿಂಗಳ ಬಳಕೆದಾರರ ಸಂಖ್ಯೆ ಹಾಗಿರಬಹುದು. ಅಲ್ಲಿ ಬೇರೊಂದು ತೊಡಕು ಕಾದಿರುತ್ತದೆ: ಮೊದಲ ತಿಂಗಳಿಗೆ ಸೊನ್ನೆ ಬರೆದಿದ್ದರೆ ಎಕ್ಸೆಲ್ #NUM! ಎಂದು ಕೈಯೆತ್ತುತ್ತದೆ. ಸೊನ್ನೆಗೆ ಲಾಗರಿದಮ್ ಇಲ್ಲ. ಸೊನ್ನೆಯ ಜಾಗಕ್ಕೆ ಒಂದನ್ನು ಬರೆದು ದಾಟಿಸುವ ಚಾಳಿ ಇದೆ. ಆ ಒಂದು ಗೆರೆಯ ಬಾಲವನ್ನು ಹಿಡಿದು ಕೆಳಗೆ ಎಳೆದು ದರವನ್ನು ವಿಪರೀತ ಏರಿಸುತ್ತದೆ. ನಿಜವಾದ ಬಳಕೆದಾರರು ಬಂದ ತಿಂಗಳಿನಿಂದಲೇ ಲೆಕ್ಕ ಶುರು ಮಾಡುವುದು ಸರಿ.

ಮಲೆನಾಡಿನ ಊರಿಗೆ ಮಾಡಬೇಕಾದ್ದು ಇಷ್ಟು. ಕೊನೆಯ ಗಣತಿಯನ್ನು ಮುಚ್ಚಿಟ್ಟು ಉಳಿದವುಗಳಿಂದ ಅದನ್ನು ಊಹಿಸಿ, ಎಷ್ಟು ತಪ್ಪಿತು ಎಂದು ವರದಿಯಲ್ಲೇ ಬರೆಯಿರಿ. ಉಳಿಕೆಗಳ ಚಿಹ್ನೆ ಓದಿ, ಕಮಾನು ಕಂಡರೆ ಚಕ್ರಬಡ್ಡಿ ಬಿಡಿ. ಅಂದಾಜನ್ನು ಗೆರೆಯ ತುದಿಯಿಂದಲ್ಲ, ಎಣಿಸಿದ ಅಂಕಿಯಿಂದ ಹೊರಡಿಸಿ. ಒಂದು ಸಂಖ್ಯೆಯ ಬದಲು ಎರಡು ಕೊಡಿ, ಒಂದು ಕಡಿಮೆ, ಒಂದು ಹೆಚ್ಚು.

ತಾಲ್ಲೂಕು ಮಟ್ಟದ ಅಂಕಿ ಬಳಸುವವರು ಗಡಿಯನ್ನೂ ನೋಡಬೇಕು. 2011ರಲ್ಲಿ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿದ್ದವು. ಆಮೇಲೆ ತರೀಕೆರೆಯಿಂದ ಅಜ್ಜಂಪುರ, ಮೂಡಿಗೆರೆಯಿಂದ ಕಳಸ ಬೇರೆಯಾದವು. ಆ ತಾಯಿ ತಾಲ್ಲೂಕುಗಳಲ್ಲಿ ಹಳೆಯ ಅಂಕಿಗೆ ಹೊಸದನ್ನು ಹಾಗೇ ಜೋಡಿಸಿದರೆ ಒಂದೇ ರಾತ್ರಿಯಲ್ಲಿ ಜನ ಮಾಯವಾದಂತೆ ಕಾಣುತ್ತದೆ.

ಮುಂದಿನ ಜನಗಣತಿಯ ಎಣಿಕೆಗೆ ಆಧಾರವಾಗಿ ನಿಗದಿಯಾಗಿರುವ ದಿನ 2027ರ ಮಾರ್ಚ್ 1. 2011ಕ್ಕೂ ಅದಕ್ಕೂ ನಡುವೆ ಹದಿನಾರು ವರ್ಷದ ಅಂತರ. B ಕಾಲಮ್ಮಿನಲ್ಲಿ ಆ ಸಾಲಿಗೆ ಬರೆಯಬೇಕಾದ್ದು 60 ಅಲ್ಲ, 66.